ಬರಹದ ಒಪ್ಪಂದ ಇಲ್ಲ, ಅಂಗಡಿಯವರು 46 ಸಾವಿರ ಕೊಡ್ತಿಲ್ಲ. ವಾಟ್ಸ್ಆ್ಯಪ್, ಯುಪಿಐ ಇಟ್ಟುಕೊಂಡು ಕೇಳಬಹುದಾ?

ನಿಟ್ಟುವಳ್ಳಿ_ಡಿಸೈನ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡ್ತೀನಿ. ಇಲ್ಲಿನ ಒಂದು ಬಟ್ಟೆ ಅಂಗಡಿಗೆ ಮಾರ್ಚ್‌ನಿಂದ ಇನ್‌ಸ್ಟಾಗ್ರಾಂ ಪೋಸ್ಟ್ ಮಾಡಿಕೊಡ್ತಿದ್ದೆ, ತಿಂಗಳಿಗೆ 8,000. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳದ್ದು ಸರಿಯಾಗಿ ಬಂತು. ಜೂನ್‌ನಲ್ಲಿ ಶ್ರಾವಣದ ಸೀಸನ್‌ಗೆ ಸೀರೆ ಕ್ಯಾಟಲಾಗ್ ಬೇಕು ಅಂದ್ರು. ಪೇಜಿಗೆ ಇಷ್ಟು ಅಂತ ರೇಟ್ ಎಲ್ಲಾ ಫೋನಲ್ಲೇ ಮಾತಾಯ್ತು, ಕೊನೆಗೆ ಒಟ್ಟು 45,000 ಆಯ್ತು. ಅದರಲ್ಲಿ 15,000 ಅಡ್ವಾನ್ಸ್ ಹಾಕಿದ್ರು. ಜುಲೈನಲ್ಲಿ ಫೈಲ್ ಕೊಟ್ಟೆ, ಅವರು ಪ್ರಿಂಟ್ ಹಾಕಿಸಿ ಗಿರಾಕಿಗಳಿಗೆ ಹಂಚಿಯೂ ಆಯ್ತು. ಈಗ ಕ್ಯಾಟಲಾಗ್‌ನ ಬಾಕಿ 30,000, ಜೂನ್ ಜುಲೈ ಪೋಸ್ಟ್‌ಗಳದ್ದು 16,000, ಎರಡೂ ಬಂದಿಲ್ಲ.

ನನ್ನ ಜೊತೆ ಮಾತಾಡುತ್ತಿದ್ದದ್ದು ಮಾಲೀಕರ ಮಗ. ಅವರನ್ನು ಕೇಳಿದ್ರೆ "ಕ್ಯಾಟಲಾಗ್ 15 ಸಾವಿರಕ್ಕೇ ಮಾತಾಗಿತ್ತಲ್ವಾ" ಅಂತಾರೆ. ಅಂಗಡಿಗೆ ಹೋಗಿ ತಂದೆಯನ್ನು ಕೇಳಿದ್ರೆ "ನಂಗೇನೂ ಗೊತ್ತಿಲ್ಲಮ್ಮ, ಮಗನನ್ನೇ ಕೇಳು" ಅಂತಾರೆ. ಅಗ್ರಿಮೆಂಟ್ ಅಂತ ಒಂದು ಹಾಳೆಯೂ ಇಲ್ಲ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ. ಇದು ನನ್ನ ಎರಡು ತಿಂಗಳ ಮನೆ ಬಾಡಿಗೆ, ಸಿಸ್ಟಮ್‌ನ ಕಂತು ಎಲ್ಲಾ ಸೇರಿದ ದುಡ್ಡು.

ಹರಿಹರ_ಬೈಕರ್

ಇದರಲ್ಲಿ ಯೋಚನೆ ಮಾಡೋದೇನಿದೆ ಅಕ್ಕ, ನೇರ ಸ್ಟೇಷನ್‌ಗೆ ಹೋಗಿ ಚೀಟಿಂಗ್ ಕೇಸ್ ಕೊಡಿ. ಹಿಂದೆ 420 ಅಂತಿದ್ರಲ್ಲ, ಈಗ ನ್ಯಾಯ ಸಂಹಿತೆಯಲ್ಲಿ 318. ಪೊಲೀಸರು ಒಂದು ಫೋನ್ ಮಾಡಿದ್ರೆ ಸಾಯಂಕಾಲದೊಳಗೆ ದುಡ್ಡು ಬರುತ್ತೆ.

ಬೆಣ್ಣೆದೋಸೆ_77

ಪೊಲೀಸ್ ಬೇಡ, ಗ್ರಾಹಕರ ಕೋರ್ಟ್‌ಗೆ ಹಾಕಿ. ನಮ್ಮ ಮಾವ ಫ್ರಿಡ್ಜ್ ವಿಷಯಕ್ಕೆ ಹಾಕಿದ್ರು, ವಕೀಲರೇ ಇಲ್ಲದೆ ಗೆದ್ರು. ಖರ್ಚೂ ಕಡಿಮೆ.

ಕೋಟೆ_ವಕೀಲ

ನಾನು ಚಿತ್ರದುರ್ಗದಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡ್ತೀನಿ. ಮೊದಲು ಮೇಲಿನ ಎರಡು ಮಾತಿಗೆ ಉತ್ತರ.

ಗ್ರಾಹಕರ ಆಯೋಗಕ್ಕೆ ಹೋಗೋದು ದುಡ್ಡು ಕೊಟ್ಟು ಸೇವೆ ತಗೊಂಡವರು. ಇಲ್ಲಿ ಮೇಡಂ ಸೇವೆ ಕೊಟ್ಟವರು, ಗ್ರಾಹಕ ಅಂಗಡಿಯವರು. ಆ ಬಾಗಿಲು ಇವರಿಗೆ ತೆರೆಯಲ್ಲ.

ಚೀಟಿಂಗ್ ವಿಷಯ ಅರ್ಧ ಸರಿ. ಶುರುವಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಿದರೆ ಮಾತ್ರ 318 ನಿಲ್ಲುತ್ತೆ. ಮೂರು ತಿಂಗಳು ಸರಿಯಾಗಿ ಕೊಟ್ಟಿದ್ದಾರೆ, ಅಡ್ವಾನ್ಸ್ ಕೂಡ ಹಾಕಿದ್ದಾರೆ. ಇದನ್ನು ನೋಡಿದ ಇನ್‌ಸ್ಪೆಕ್ಟರ್ "ಇದು ಸಿವಿಲ್ ಮ್ಯಾಟರ್, ಕೋರ್ಟ್‌ಗೆ ಹೋಗಿ" ಅಂತಲೇ ಹೇಳೋದು. ಅದು ಸರಿಯಾದ ಮಾತೇ.

ಇನ್ನು ಮುಖ್ಯ ವಿಷಯ. ಹಾಳೆಯ ಮೇಲೆ ಬರೆದು ಸಹಿ ಹಾಕಿದ್ದರೆ ಮಾತ್ರ ಒಪ್ಪಂದ ಅನ್ನೋದು ತಪ್ಪು ತಿಳುವಳಿಕೆ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ಸಂದೇಶ, ಇಮೇಲ್ ಮೂಲಕ ಆದದ್ದು ಅನ್ನೋ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗಲ್ಲ ಅಂತ ಐಟಿ ಕಾಯ್ದೆಯ 10ಎ ಹೇಳುತ್ತೆ. ಹಾಗಾಗಿ ಒಪ್ಪಂದ ಇತ್ತಾ ಇಲ್ವಾ ಅನ್ನೋದು ದೊಡ್ಡ ತಕರಾರಲ್ಲ, ಅಡ್ವಾನ್ಸ್ ಕೊಟ್ಟ ಮೇಲೆ ಅದನ್ನು ಅವರೂ ಅಲ್ಲಗಳೆಯಲ್ಲ. ತಕರಾರು ಇರೋದು ಎರಡರಲ್ಲಿ. ಎಷ್ಟಕ್ಕೆ ಮಾತಾಗಿತ್ತು? ಯಾರ ಪರವಾಗಿ ಮಾತಾಗಿತ್ತು?

ಮೇಡಂ, ನಿಮ್ಮ ಚಾಟ್ ತೆರೆದು ಅದರೊಳಗೆ ಹುಡುಕಿ. page, rate, adv, total, final, ಮತ್ತು ನೀವು ಹೇಳಿದ ರೇಟಿನ ಅಂಕಿ, ಒಂದೊಂದೇ ಹಾಕಿ. ಫೋನಲ್ಲೇ ಎಲ್ಲಾ ಆಯ್ತು ಅನ್ನೋ ಬಹಳ ಜನರ ಚಾಟ್‌ನಲ್ಲಿ ಫೋನ್ ಇಟ್ಟ ಅರ್ಧ ಗಂಟೆಯೊಳಗೆ ಬಂದ ಒಂದು ಸಂದೇಶ ಇದ್ದೇ ಇರುತ್ತೆ. ಹಾಗೇ ಹಿಂದಿನ ಮೂರು ತಿಂಗಳ ದುಡ್ಡು ಯಾರ ಖಾತೆಯಿಂದ ಬಂತು ನೋಡಿ ಹೇಳಿ. ಮಗನದ್ದಾ, ಅಂಗಡಿಯದ್ದಾ?

ಚಳ್ಳಕೆರೆ_ವಿಡಿಯೋ

ನಂದೂ ಇದೇ ಕತೆ. ಮದುವೆ ವಿಡಿಯೋ ಮಾಡಿಕೊಟ್ಟೆ, ಬಾಕಿ ಕೊಡಲಿಲ್ಲ. ನಾನು ಹಾರ್ಡ್‌ಡಿಸ್ಕ್ ಕೊಡದೆ ಇಟ್ಟುಕೊಂಡೆ, ತಾವಾಗಿ ಬಂದು ಕೊಟ್ಟು ಹೋದ್ರು. ಕೆಲಸ ಕೈಯಲ್ಲಿ ಇರೋವರೆಗೂ ನಮ್ಮ ಮಾತು ನಡೆಯುತ್ತೆ. ನೀವೂ ಒರಿಜಿನಲ್ ಫೈಲ್ ಕೊಡಬೇಡಿ ಅಕ್ಕ.

ನಿಟ್ಟುವಳ್ಳಿ_ಡಿಸೈನ್

@ಚಳ್ಳಕೆರೆ_ವಿಡಿಯೋ ಅಣ್ಣ, ನನ್ನದು ಪ್ರಿಂಟ್ ಆಗಿ ಹಂಚಿಯೂ ಆಗಿದೆ, ಇನ್ನು ಹಿಡಿದಿಡೋಕೆ ಏನೂ ಉಳಿದಿಲ್ಲ.

@ಕೋಟೆ_ವಕೀಲ ಸರ್, ನೀವು ಹೇಳಿದ ಹಾಗೆ ಹುಡುಕಿದೆ. ಸಿಕ್ಕಿದ್ದು ಇಷ್ಟು. ಅವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾರೆ, ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲೇ ಹಾಕ್ತಿದ್ದೀನಿ.

ಜೂನ್ 9, ಮಧ್ಯಾಹ್ನ ಫೋನ್ ಮಾತಾದ ಮೇಲೆ ನಾನು: "ಸರ್, ಈಗ ಮಾತಾಡಿದ ಹಾಗೆ ಪೇಜಿಗೆ 900. ಅಡ್ವಾನ್ಸ್ ಹಾಕಿದ್ರೆ ನಾಳೆಯಿಂದ ಶುರು ಮಾಡ್ತೀನಿ."
ಮಗ: 👍

ಜೂನ್ 10, ಯುಪಿಐ 15,000. ಅದರ ಜೊತೆ ಅವರೇ ಹಾಕಿದ ಟಿಪ್ಪಣಿ: catalog adv

ಜೂನ್ 24, ಮಗ: "ರೇಷ್ಮೆ ಸೆಕ್ಷನ್ ಬೇರೆ ಸೇರಿಸಿ, 32ರಲ್ಲಿ ಆಗಲ್ಲ, ಪೇಜ್ ಜಾಸ್ತಿ ಆದ್ರೂ ಪರವಾಗಿಲ್ಲ."

ಜುಲೈ 18, ಮಗ: "50 ಪೇಜ್ ಓಕೆ. ಫೈನಲ್. ಪ್ರೆಸ್‌ಗೆ ಕಳಿಸಿ."

45,000 ಅಂತ ಒಟ್ಟು ಮೊತ್ತ ಎಲ್ಲೂ ಬರೆದಿಲ್ಲ. ಆಮೇಲೆ ಮಾರ್ಚ್‌ನಿಂದ ಬಂದ ದುಡ್ಡೆಲ್ಲಾ ನೋಡಿದೆ, ಮಗನ ಹೆಸರಿನಿಂದ ಒಂದೂ ಇಲ್ಲ. ಮೂರು ತಿಂಗಳದ್ದೂ, ಅಡ್ವಾನ್ಸೂ, ಎಲ್ಲಾ ಅಂಗಡಿ ಹೆಸರಿನ ಖಾತೆಯಿಂದಲೇ ಬಂದಿದೆ.

ಕೋಟೆ_ವಕೀಲ

ಇದು ಚೆನ್ನಾಗಿದೆ. ನಿಮ್ಮ ಹತ್ತಿರ ಇರೋದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ನಿಧಾನಕ್ಕೆ ಜೋಡಿಸೋಣ.

ಮೊದಲು ತಿಂಗಳ ಪೋಸ್ಟ್‌ಗಳದ್ದು. 8,000 ಅಂತ ಬರಹದಲ್ಲಿ ಇರಲಿ ಬಿಡಲಿ, ಮೂರು ತಿಂಗಳು ಒಂದೇ ಮೊತ್ತ ಒಂದೇ ಖಾತೆಯಿಂದ ಬಂದಿದೆ. ರೇಟ್ ಏನು ಅನ್ನೋದಕ್ಕೆ ಅದೇ ಸಾಕ್ಷಿ. ಜೂನ್, ಜುಲೈನಲ್ಲೂ ಅವರ ಪೇಜಿನಲ್ಲಿ ನಿಮ್ಮ ಪೋಸ್ಟ್‌ಗಳು ಬಂದಿದ್ದರೆ ಕೆಲಸ ಮುಂದುವರಿದಿದ್ದಕ್ಕೂ ಸಾಕ್ಷಿ ಆಯ್ತು. ಈಗಲೇ ಆ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ, ಪೇಜಿನ ಹೆಸರು, ಲಿಂಕ್ ಕಾಣುವ ಹಾಗೆ. ನಾಳೆ ಅವರು ಅಳಿಸಿಬಿಡಬಹುದು.

ಇನ್ನು ಕ್ಯಾಟಲಾಗ್. ಒಟ್ಟು ಮೊತ್ತ ಬರೆದಿಲ್ಲ ಅಂತ ಹೆದರಬೇಡಿ. ಪೇಜಿಗೆ 900 ಅಂತ ನೀವು ಬರೆದಿದ್ದೀರಿ. ಮಾರನೇ ದಿನ ದುಡ್ಡು ಬಂದಿದೆ, ಟಿಪ್ಪಣಿಯಲ್ಲಿ ಅಡ್ವಾನ್ಸ್ ಅಂತ ಅವರೇ ಬರೆದಿದ್ದಾರೆ. ಜುಲೈ 18ಕ್ಕೆ 50 ಪೇಜ್ ಫೈನಲ್ ಅಂತ ಅವರೇ ಹೇಳಿದ್ದಾರೆ. 900 ಗುಣಿಸು 50, 45,000. ಒಂದೇ ಹಾಳೆಯಲ್ಲಿ ಇಲ್ಲ, ಮೂರು ಕಡೆ ಹಂಚಿಹೋಗಿದೆ, ಅಷ್ಟೇ.

ಈಗ ಅವರ ವಾದ ತಗೊಳ್ಳಿ, "ಒಟ್ಟು 15 ಸಾವಿರಕ್ಕೇ ಮಾತು". ಹಾಗಿದ್ರೆ adv ಅಂತ ಯಾಕೆ ಬರೆದ್ರು? ಮುಂಗಡ ಅಂದ್ರೆ ಇನ್ನೂ ಬಾಕಿ ಇದೆ ಅಂತ ತಾನೇ? ಪೇಜಿಗೆ 900ರಂತೆ ಮೊದಲು ಅಂದುಕೊಂಡ 32 ಪೇಜಿಗೇ 28,800 ಆಗುತ್ತೆ. 15,000 ಯಾವ ಲೆಕ್ಕಕ್ಕೂ ಕೂರಲ್ಲ. ಪಾಟೀಸವಾಲಿನಲ್ಲಿ ಈ ಒಂದು ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲ್ಲ.

ತಂದೆಯ ವಿಷಯ. "ನಂಗೆ ಗೊತ್ತಿಲ್ಲ, ಮಗ ಮಾತಾಡಿದ್ದು" ಅನ್ನೋದು ಸಾಮಾನ್ಯ ತಪ್ಪಿಸಿಕೊಳ್ಳೋ ದಾರಿ. ಮಗ ಹೇಳಿದ ಕೆಲಸಕ್ಕೆ ಅಂಗಡಿಯ ಖಾತೆಯಿಂದ ನಾಲ್ಕು ಸಲ ದುಡ್ಡು ಬಂದಿದೆ, ಆದ ಕ್ಯಾಟಲಾಗನ್ನು ಅಂಗಡಿಯೇ ಹಂಚಿದೆ. ಮಗನಿಗೆ ಅಂಗಡಿ ಪರವಾಗಿ ಮಾತಾಡೋ ಅಧಿಕಾರ ಇದೆ ಅಂತ ಅಂಗಡಿಯೇ ನಡೆದುಕೊಂಡಿದೆ. ಆದ್ರಿಂದ ನಿಮ್ಮ ಬಾಕಿದಾರ ಅಂಗಡಿ, ಮಗ ಅಲ್ಲ. ಇದನ್ನು ತೋರಿಸೋದು ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಚಾಟ್ ಅಲ್ಲ.

ಬೆಣ್ಣೆದೋಸೆ_77

ಸರ್, ಆ ಹೆಬ್ಬೆರಳಿನ ಚಿತ್ರ ಒಪ್ಪಿಗೆ ಅಂತ ಹೇಗೆ ಆಗುತ್ತೆ? ನಾನು ಎಲ್ಲದಕ್ಕೂ ಅದನ್ನೇ ಹಾಕ್ತೀನಿ, ನೋಡಿದೆ ಅನ್ನೋ ಅರ್ಥದಲ್ಲಿ.

ಹರಿಹರ_ಬೈಕರ್

ಆಗುತ್ತೆ ಆಗುತ್ತೆ. ಕೆನಡಾದಲ್ಲಿ 2023ರಲ್ಲಿ ತೀರ್ಪೇ ಬಂದಿದೆ. ಒಬ್ಬ ರೈತ ಅಗಸೆ ಕೊಡೋ ಕರಾರಿಗೆ 👍 ಹಾಕಿದ್ದ, ಆಮೇಲೆ ಮಾಲು ಕೊಡಲಿಲ್ಲ, ಕೋರ್ಟ್ ಅದನ್ನ ಸಹಿ ಅಂತಲೇ ತಗೊಂಡು 82 ಸಾವಿರ ಡಾಲರ್ ಕಟ್ಟಿಸಿತು. ಇಲ್ಲೂ ಅದೇ.

ಕೋಟೆ_ವಕೀಲ

ಆ ತೀರ್ಪು ನಿಜ. ಆದ್ರೆ ದಾವಣಗೆರೆಯ ನ್ಯಾಯಾಧೀಶರು ಅದಕ್ಕೆ ಬದ್ಧರಲ್ಲ. ಆ ಪ್ರಕರಣದಲ್ಲೂ ಚಿತ್ರ ಒಂದನ್ನೇ ನೋಡಲಿಲ್ಲ. ಅವರಿಬ್ಬರೂ ಹಿಂದಿನ ಕರಾರುಗಳಿಗೆ "ಓಕೆ", "ಸರಿ" ಅಂತ ಚುಟುಕಾಗಿ ಉತ್ತರಿಸಿ, ಅದರಂತೆ ಮಾಲು ಕೊಟ್ಟು ತಗೊಂಡಿದ್ದರು. ಆ ರೂಢಿಯನ್ನು ನೋಡಿದರು.

ನಮ್ಮಲ್ಲಿ ನಾನು ಹೆಬ್ಬೆರಳಿನ ಮೇಲೆ ಭಾರ ಹಾಕಲ್ಲ. ಅದಕ್ಕಿಂತ ಗಟ್ಟಿ ವಿಷಯ ಮಾರನೇ ದಿನದ 15,000. ಮೇಡಂ ಒಂದು ಷರತ್ತು ಹಾಕಿದ್ರು, ಅಡ್ವಾನ್ಸ್ ಹಾಕಿದ್ರೆ ಶುರು ಮಾಡ್ತೀನಿ ಅಂತ. ಅವರು ಹಾಕಿದ್ರು. ಹೇಳಿದ ಷರತ್ತನ್ನು ನಡೆಸಿಕೊಡೋದೇ ಒಪ್ಪಿಗೆ ಅಂತ ಕರಾರು ಕಾಯ್ದೆಯ 8ನೇ ಕಲಮಿನಲ್ಲಿದೆ. ಚಿತ್ರ ಇಲ್ಲದಿದ್ದರೂ ಈ ವಾದ ನಿಲ್ಲುತ್ತೆ.

ಲೆಕ್ಕದ_ಮೇಷ್ಟ್ರು

ನಾನು ಮಂಡಿಪೇಟೆ ಕಡೆಯ ಕೆಲವು ಅಂಗಡಿಗಳ ಲೆಕ್ಕ ಬರೆಯುವವನು. ತಂಗೀ, ಬ್ಯಾಂಕಿನ ವಿಷಯದಲ್ಲಿ ಎರಡು ಮಾತು.

ಫೋನ್‌ಪೇ, ಗೂಗಲ್‌ಪೇ ಸ್ಕ್ರೀನ್‌ಶಾಟ್ ಮೇಲೆ ನಿಲ್ಲಬೇಡಿ. ಅದನ್ನ ಯಾರು ಬೇಕಾದ್ರೂ ತಿದ್ದಬಹುದು ಅಂತ ಎದುರಿನವರು ಹೇಳ್ತಾರೆ. ಬ್ಯಾಂಕ್ ಶಾಖೆಗೆ ಹೋಗಿ ಮಾರ್ಚ್‌ನಿಂದ ಇಲ್ಲಿವರೆಗಿನ ಸ್ಟೇಟ್‌ಮೆಂಟ್ ಮೊಹರು ಸಹಿ ಸಮೇತ ತಗೊಳ್ಳಿ, ಕೋರ್ಟ್‌ಗೆ ಬೇಕು, ಸರ್ಟಿಫೈಡ್ ಕಾಪಿ ಕೊಡಿ ಅಂತಲೇ ಕೇಳಿ. ಬ್ಯಾಂಕಿನ ಪುಸ್ತಕದ ಪ್ರಮಾಣೀಕೃತ ಪ್ರತಿಗೆ 1891ರ ಕಾಯ್ದೆಯಿಂದಲೇ ಬೇರೆ ಬೆಲೆ ಇದೆ. ಒಂದೊಂದು ಯುಪಿಐಗೂ 12 ಅಂಕಿಯ ನಂಬರ್ ಇರುತ್ತೆ, ಆ್ಯಪ್‌ನಲ್ಲೂ ಸ್ಟೇಟ್‌ಮೆಂಟ್‌ನಲ್ಲೂ ಅದು ಒಂದೇ. catalog adv ಅನ್ನೋ ಟಿಪ್ಪಣಿ ಕೆಲವು ಬ್ಯಾಂಕ್‌ಗಳ ಸ್ಟೇಟ್‌ಮೆಂಟ್‌ನಲ್ಲಿ ಅರ್ಧಕ್ಕೆ ತುಂಡಾಗಿ ಬರುತ್ತೆ, ಕೆಲವದರಲ್ಲಿ ಬರೋದೇ ಇಲ್ಲ. ಅದಕ್ಕೆ ಆ್ಯಪ್‌ನಲ್ಲಿ ಕಾಣೋ ಪುಟವನ್ನೂ ಇಡಿ, ಆ ನಂಬರಿನಿಂದ ಎರಡನ್ನೂ ಜೋಡಿಸಿ ತೋರಿಸಬಹುದು.

ಎರಡನೆಯದು ಅಂಗಡಿಯ ನಿಜವಾದ ಹೆಸರು. ಬೋರ್ಡಿನ ಮೇಲೆ ಒಂದಿರುತ್ತೆ, ಮಾಲೀಕರು ಇನ್ನೊಬ್ಬರಿರ್ತಾರೆ. ಎಷ್ಟೋ ಅಂಗಡಿ ಹೆಂಡತಿ ಹೆಸರಲ್ಲಿ, ಅಣ್ಣನ ಹೆಸರಲ್ಲಿ ಇರುತ್ತೆ. ಅವರ ಯಾವುದಾದ್ರೂ ಬಿಲ್ ತಗೊಂಡು ಅದರ ಮೇಲಿನ ಜಿಎಸ್‌ಟಿ ನಂಬರನ್ನ gst.gov.in ನಲ್ಲಿ ಹಾಕಿ. ಅಂಗಡಿಯ ಹೆಸರಿನ ಜೊತೆ ಕಾನೂನಿನ ಪ್ರಕಾರದ ಹೆಸರೂ, ಪ್ರೊಪ್ರೈಟರ್‌ಶಿಪ್ಪಾ ಪಾಲುದಾರಿಕೆಯಾ ಅನ್ನೋದೂ ಬರುತ್ತೆ. ನೋಟಿಸ್ ಆ ಹೆಸರಿಗೆ ಹೋಗಬೇಕು, ಇಲ್ಲದಿದ್ರೆ ಮೊದಲ ಉತ್ತರವೇ "ನಾನು ಮಾಲೀಕ ಅಲ್ಲ" ಅಂತ ಬರುತ್ತೆ.

ಇನ್ನೊಂದು, ಇವತ್ತೇ ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿ. ಅದಕ್ಕೆ ಶುಲ್ಕ ಇಲ್ಲ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡದಿದ್ರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೇಳಬಹುದು, ಸಣ್ಣ ಉದ್ದಿಮೆಗಳ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕೋಟೆ_ವಕೀಲ

ಮೇಷ್ಟ್ರು ಹೇಳಿದ ಬ್ಯಾಂಕ್, ಜಿಎಸ್‌ಟಿ ಎರಡೂ ಚಿನ್ನದಂಥ ಮಾತು. ಉದ್ಯಮ್ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ. ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಕೆಲಸಕ್ಕೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅಂಗಡಿಯವರ ಕಡೆ ಓದಿಕೊಂಡಿರೋ ವಕೀಲರಿದ್ರೆ ಮೊದಲು ಅದನ್ನೇ ಎತ್ತುತ್ತಾರೆ. ಮುಂದಿನ ಗಿರಾಕಿಗಳಿಗೆ ಅಂತ ಮಾಡಿಸಿ, ಈ 46 ಸಾವಿರಕ್ಕೆ ಅದನ್ನು ನೆಚ್ಚಬೇಡಿ.

ಲೆಕ್ಕದ_ಮೇಷ್ಟ್ರು

ನನಗೆ ಗೊತ್ತಿರೋ ಒಬ್ಬರಿಗೆ ಪೋರ್ಟಲ್‌ನಲ್ಲಿ ದೂರು ಹಾಕಿದ ಕೂಡಲೇ ಎದುರಿನವರು ಬಂದು ರಾಜಿ ಮಾಡಿಕೊಂಡ್ರು. ನೋಂದಣಿ ಯಾವಾಗ ಆಗಿತ್ತು ಅಂತ ಯಾರೂ ಕೇಳಲಿಲ್ಲ. ಹಾಕಿ ನೋಡೋದ್ರಲ್ಲಿ ತಪ್ಪೇನಿದೆ?

ಕೋಟೆ_ವಕೀಲ

ತಪ್ಪಿಲ್ಲ, ಅದರಲ್ಲಿ ತಿಂಗಳುಗಳು ಹೋಗದಿದ್ರೆ ಸಾಕು. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ ಇರಲಿ ಬಿಡಿ.

ಚಳ್ಳಕೆರೆ_ವಿಡಿಯೋ

ವಾಟ್ಸ್ಆ್ಯಪ್ ಹೇಗೆ ಕಾಪಾಡಿಕೊಳ್ಳೋದು ಅಂತ ಯಾರಾದ್ರೂ ಹೇಳಿ ಸರ್. ನನ್ನ ಹಳೇ ಫೋನ್ ನೀರಿಗೆ ಬಿದ್ದು ಬೇರೊಂದು ಪಾರ್ಟಿಯ ಚಾಟ್ ಪೂರ್ತಿ ಹೋಯ್ತು, ಬ್ಯಾಕಪ್ ಆನ್ ಇತ್ತು ಅಂದುಕೊಂಡಿದ್ದೆ, ಆದ್ರೆ ಗೂಗಲ್ ಖಾತೆ ತುಂಬಿ ಎಷ್ಟೋ ತಿಂಗಳಿಂದ ನಿಂತೇ ಹೋಗಿತ್ತು. ಅಕ್ಕನಿಗೂ ಹಾಗಾಗಬಾರದು. ಎದುರಿನವರು Delete for everyone ಕೊಟ್ಟುಬಿಟ್ರೆ?

ಕೋಟೆ_ವಕೀಲ

ಹಳೇ ಸಂದೇಶ ಅಳಿಸೋಕೆ ಅವರಿಗೆ ಆಗಲ್ಲ. ಎಲ್ಲರಿಗೂ ಅಳಿಸೋ ಅವಕಾಶ ಕಳಿಸಿದ ಮೇಲೆ ಸುಮಾರು ಎರಡು ದಿನದವರೆಗೆ ಮಾತ್ರ, ತಿದ್ದೋ ಅವಕಾಶ 15 ನಿಮಿಷ. ಆದ್ರೆ ಸಂದೇಶಗಳು ತಾವಾಗಿ ಮಾಯವಾಗೋ ಸೆಟ್ಟಿಂಗ್ ಯಾರಾದ್ರೂ ಆನ್ ಮಾಡಿದ್ದಾರಾ ಅಂತ ಈಗಲೇ ನೋಡಿ. ಆನ್ ಇದ್ರೆ ಆಫ್ ಮಾಡಿ. ಮುಂದೆ ಅವರಿಂದ ಮುಖ್ಯವಾದ ಸಂದೇಶ ಬಂದ್ರೆ Reply ಒತ್ತಿ ಅದನ್ನೇ ಎತ್ತಿಕೊಂಡು ಉತ್ತರ ಬರೀರಿ. ಆಮೇಲೆ ಅವರು ಮೂಲ ಅಳಿಸಿದ್ರೂ ನಿಮ್ಮ ಉತ್ತರದ ಮೇಲೆ ಆ ಸಾಲು ಕಾಣ್ತಾ ಇರುತ್ತೆ.

Export chat ಮಾಡಿ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಒಂದು ತೊಡಕು ಇದೆ. ಆ ಫೈಲಿನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರು ಬರುತ್ತೆ, ನಂಬರ್ ಬರಲ್ಲ. "ಸೀರೆ ಅಂಗಡಿ ಸರ್" ಅಂತ ಬಂದ್ರೆ ಅದು ಯಾರು ಅಂತ ಕೋರ್ಟ್ ಕೇಳುತ್ತೆ. ಹಾಗಾಗಿ ಆ ಹೆಸರು ಒತ್ತಿದಾಗ ನಂಬರ್ ಕಾಣೋ ಪುಟದ ಸ್ಕ್ರೀನ್‌ಶಾಟ್ ತೆಗೀರಿ. ಅದೇ ನಂಬರ್ ಅಂಗಡಿಯ ಇನ್‌ಸ್ಟಾಗ್ರಾಂ ಪೇಜಿನಲ್ಲೋ, ಬಿಲ್ಲಿನ ಮೇಲೋ, ನೀವು ಮಾಡಿದ ಕ್ಯಾಟಲಾಗಿನ ಹಿಂಬದಿಯಲ್ಲೋ ಇದ್ರೆ ಇನ್ನೂ ಒಳ್ಳೇದು.

ಚಾಟನ್ನು ಕತ್ತರಿಸಿ ಬೇಕಾದ ಸಾಲು ಮಾತ್ರ ಇಡಬೇಡಿ, ಮಾರ್ಚ್‌ನಿಂದ ಪೂರ್ತಿ ಇರಲಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಹಾಗೇ ಬಿಡಿ, ಕನ್ನಡದಲ್ಲಿ ಬರೆದದ್ದನ್ನು ಬೇರೆ ಹಾಳೆಯಲ್ಲಿ ಜೊತೆಗಿಡಬಹುದು.

ಪ್ರಿಂಟ್ ತೆಗೆದು ಕೊಡೋದಾದ್ರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಇದು ಹೊಸ ನಮೂನೆ. ಒಂದು ಭಾಗಕ್ಕೆ ನೀವು ಸಹಿ ಹಾಕ್ತೀರಿ, ಇನ್ನೊಂದು ಭಾಗಕ್ಕೆ ಪರಿಣತರು. ಅದನ್ನ ನಿಮ್ಮ ವಕೀಲರು ನೋಡಿಕೊಳ್ತಾರೆ. ನೀವು ಮಾಡಬೇಕಾದ್ದು ಆ ಫೋನನ್ನ ಮಾರದೆ, ಎಕ್ಸ್‌ಚೇಂಜ್‌ಗೆ ಕೊಡದೆ ಇಟ್ಟುಕೊಳ್ಳೋದು. ಮೂಲ ಫೋನನ್ನೇ ಅದರ ಒಡೆಯರು ಸಾಕ್ಷಿಕಟ್ಟೆಯಲ್ಲಿ ತೋರಿಸೋದಾದ್ರೆ ಪ್ರಮಾಣಪತ್ರ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹಳೇ ಕಾಯ್ದೆಯ ಕೆಳಗೆ ಹೇಳಿತ್ತು. ಫೋನ್ ಇದ್ರೆ ಆ ದಾರಿಯೂ ಕೈಯಲ್ಲಿರುತ್ತೆ.

ಮಂಡಿಪೇಟೆ_ವ್ಯಾಪಾರಿ

ಅಂಗಡಿ ಇಟ್ಟವನ ಕಡೆಯಿಂದ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ನಮ್ಮಲ್ಲಿ ಮಕ್ಕಳು ಏನೇನೋ ಮಾತಾಡಿ ಒಪ್ಪಿಕೊಂಡಿರ್ತಾರೆ. ದುಡ್ಡು ಹೊರಗೆ ಹೋಗುವಾಗ ಹಿರಿಯರು ಬಿಲ್ ಕೇಳ್ತಾರೆ. ಬಿಲ್ಲೇ ಇಲ್ಲ ಅಂದ್ರೆ ಆ ದುಡ್ಡು ತಿಂಗಳ ಲೆಕ್ಕದಲ್ಲಿ ಬರಲ್ಲ, ಮರೆತೇ ಹೋಗುತ್ತೆ. ನೀನು ಬಿಲ್ ಕೊಟ್ಟಿದ್ದೀಯಾ?

ನಿಟ್ಟುವಳ್ಳಿ_ಡಿಸೈನ್

ಇಲ್ಲ ಸರ್, ಅವರು ಯಾವತ್ತೂ ಕೇಳಲಿಲ್ಲ. ನನಗೆ ಜಿಎಸ್‌ಟಿಯೂ ಇಲ್ಲ. ಈಗ ಕೊಟ್ರೆ ನಡೆಯುತ್ತಾ? ಹಿಂದಿನ ತಾರೀಕು ಹಾಕಬೇಕಾ?

ಲೆಕ್ಕದ_ಮೇಷ್ಟ್ರು

ಹಿಂದಿನ ತಾರೀಕು ಹಾಕಲೇಬೇಡ ತಂಗೀ. ಇವತ್ತಿನ ತಾರೀಕೇ ಹಾಕು, ಒಳಗೆ ಯಾವ ತಿಂಗಳ ಕೆಲಸ ಅಂತ ಬರಿ. ವರ್ಷಕ್ಕೆ 20 ಲಕ್ಷ ದಾಟದ ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ನಿನ್ನ ಹೆಸರು ವಿಳಾಸ ಇರೋ ಸಾದಾ ಬಿಲ್ ಸಾಕು. ಕ್ಯಾಟಲಾಗ್ 50 ಪೇಜ್, 900ರಂತೆ 45,000, ಜೂನ್ 10ಕ್ಕೆ ಬಂದ ಮುಂಗಡ 15,000 ಕಳೆದು 30,000. ಜೂನ್ ಜುಲೈ ಪೋಸ್ಟ್ 16,000. ಒಟ್ಟು 46,000.

ಕೋಟೆ_ವಕೀಲ

ಈ ಬಿಲ್ ಕಳಿಸುವಾಗ ಬರೆಯೋ ಸಂದೇಶ ಬಹಳ ಮುಖ್ಯ. ಕೋಪ, ಬೆದರಿಕೆ ಏನೂ ಬೇಡ. ಅವರು ಒಪ್ಪಲಿ, ಚೌಕಾಸಿ ಮಾಡಲಿ, ಸುಮ್ಮನಿರಲಿ, ಏನು ಮಾಡಿದ್ರೂ ನಿಮ್ಮ ಹತ್ತಿರ ಒಂದು ದಾಖಲೆ ಉಳಿಯೋ ಹಾಗೆ ಬರೀಬೇಕು. ಹೀಗೆ ಬರೀರಿ:

"ಸರ್, ಜೂನ್ 9ಕ್ಕೆ ಮಾತಾದಂತೆ ಪೇಜಿಗೆ 900ರ ಲೆಕ್ಕದಲ್ಲಿ 50 ಪೇಜಿನ ಕ್ಯಾಟಲಾಗ್ ಜುಲೈನಲ್ಲಿ ಕೊಟ್ಟಿದ್ದೇನೆ. ಅಡ್ವಾನ್ಸ್ 15,000 ಕಳೆದು 30,000, ಜೂನ್ ಮತ್ತು ಜುಲೈ ಪೋಸ್ಟ್‌ಗಳ 16,000 ಸೇರಿ ಒಟ್ಟು 46,000 ಬಾಕಿ ಇದೆ. ಬಿಲ್ ಜೊತೆಗಿದೆ. ಯಾವ ದಿನ ಹಾಕ್ತೀರಿ ತಿಳಿಸಿ."

ಇದನ್ನೇ ಅಂಗಡಿಯ ಇಮೇಲ್ ಇದ್ರೆ ಅದಕ್ಕೂ ಕಳಿಸಿ. ಮಗನಿಗೆ ಮಾತ್ರ ಅಲ್ಲ, ತಂದೆಯ ನಂಬರಿಗೂ.

ಹರಿಹರ_ಬೈಕರ್

ಇಷ್ಟು ಮೆತ್ತಗೆ ಬರೆದ್ರೆ ಯಾರು ಕೊಡ್ತಾರೆ. ಅವರ ಅಂಗಡಿ ಪೇಜಿನಲ್ಲಿ ಕಾಮೆಂಟ್ ಹಾಕಿ, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡಿ. ನಾವೆಲ್ಲಾ ಸೇರಿ ಕೊಡ್ತೀವಿ. ಮಾತಾಡಿದ ಕಾಲ್ ರೆಕಾರ್ಡಿಂಗ್ ಇದ್ರೆ ಅದನ್ನೂ ಹಾಕಿ.

ಕೋಟೆ_ವಕೀಲ

ದಯವಿಟ್ಟು ಬೇಡ. ಈಗ ತಪ್ಪು ಅವರ ಕಡೆ ಮಾತ್ರ ಇದೆ. ನೀವೆಲ್ಲಾ ಸೇರಿ ಅವರ ಅಂಗಡಿಗೆ ಹೋಗದೆಯೇ ಸ್ಟಾರ್ ಕೊಟ್ರೆ ಮಾನನಷ್ಟದ ನೋಟಿಸ್ ಮೇಡಂಗೆ ಬರುತ್ತೆ, ಆಮೇಲೆ ರಾಜಿಯ ಮಾತಲ್ಲಿ 46 ಸಾವಿರದ ಎದುರು ಅದನ್ನು ಇಡ್ತಾರೆ. ರೆಕಾರ್ಡಿಂಗ್ ಇದ್ರೆ ಜೋಪಾನವಾಗಿ ಇಟ್ಟು ವಕೀಲರಿಗೆ ಮಾತ್ರ ಕೊಡಿ. ಅದನ್ನು ಎಷ್ಟರ ಮಟ್ಟಿಗೆ ತಗೊಳ್ತಾರೆ ಅನ್ನೋದು ನ್ಯಾಯಾಲಯದ ಮೇಲೆ ಇದೆ.

ನಿಟ್ಟುವಳ್ಳಿ_ಡಿಸೈನ್

ರೆಕಾರ್ಡಿಂಗ್ ಇಲ್ಲ. ಯಾರೂ ಸ್ಟಾರ್ ಕೊಡಬೇಡಿ ಪ್ಲೀಸ್, ಇದೇ ಊರಲ್ಲಿ ಕೆಲಸ ಮಾಡಬೇಕು ನಾನು. ಸರ್ ಬರೆದದ್ದನ್ನೇ ಇಬ್ಬರಿಗೂ ಕಳಿಸಿದ್ದೀನಿ, ಬಿಲ್ ಸಮೇತ. ಕೊಡದಿದ್ರೆ ಮುಂದೇನು ಸರ್?

ಕೋಟೆ_ವಕೀಲ

ಒಂದು ವಾರ ನೋಡಿ. ಉತ್ತರ ಬರದಿದ್ರೆ ವಕೀಲರ ಮೂಲಕ ನೋಟಿಸ್, ತಲುಪಿದ್ದಕ್ಕೆ ದಾಖಲೆ ಸಿಗೋ ಹಾಗೆ ಅಂಚೆಯಲ್ಲಿ. ನೋಟಿಸಿನಲ್ಲಿ ಬಡ್ಡಿಯನ್ನೂ ಕೇಳಿ. ಬಡ್ಡಿ ಬಗ್ಗೆ ನಿಮ್ಮಿಬ್ಬರಲ್ಲಿ ಮಾತಾಗಿಲ್ಲ, ಅಂಥ ಕಡೆ ಬರಹದಲ್ಲಿ ಬಡ್ಡಿ ಕೇಳಿದ ದಿನದಿಂದ ಲೆಕ್ಕ ಸಿಗೋ ಅವಕಾಶ ಇದೆ.

ಅದಾದ ಮೇಲೆ ನನ್ನ ಸಲಹೆ, ನೇರ ದಾವೆ ಹಾಕೋ ಮೊದಲು ದಾವಣಗೆರೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ. ಕೋರ್ಟ್ ಆವರಣದಲ್ಲೇ ಕೇಳಿದ್ರೆ ತೋರಿಸ್ತಾರೆ. ಕೇಸ್ ಹಾಕೋ ಮುಂಚೆಯೇ ಲೋಕ ಅದಾಲತ್‌ಗೆ ತಗೊಳ್ಳಿ ಅಂತ ಕೇಳಬಹುದು, ಅದಕ್ಕೆ ಕೋರ್ಟ್ ಶುಲ್ಕ ಇಲ್ಲ. ಅವರು ಅಂಗಡಿಗೆ ನೋಟಿಸ್ ಕಳಿಸ್ತಾರೆ. ಅಲ್ಲಿ ರಾಜಿ ಆಗಿ ಆದೇಶ ಬಂದ್ರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಪ್ರಾಧಿಕಾರದಿಂದ ಉಚಿತ ವಕೀಲರೂ ಸಿಗ್ತಾರೆ, ಕೇಳಿ ಪಡೆಯಿರಿ.

ಆದ್ರೆ ಲೋಕ ಅದಾಲತ್ ರಾಜಿ ಮಾಡಿಸಬಹುದು, ತೀರ್ಪು ಹೇರೋಕೆ ಆಗಲ್ಲ. ಅಂಗಡಿಯವರು ಬರಲೇ ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲುತ್ತೆ. ಆಗ ಹಣ ವಸೂಲಿ ದಾವೆ. ಕೆಲಸ ಮುಗಿಸಿಕೊಟ್ಟ ದಿನದಿಂದ ಮೂರು ವರ್ಷ ಅವಕಾಶ ಇದೆ, ಆದ್ರೆ ಮಾತುಕತೆ ನಡೀತಿದೆ ಅಂತ ಆ ಗಡಿಯ ಹತ್ತಿರ ಹೋಗಬೇಡಿ. ದಾವೆಗೆ ಶುಲ್ಕ, ವಕೀಲರ ಖರ್ಚು, ಸಮಯ ಎಲ್ಲಾ ಇದೆ. 46 ಸಾವಿರಕ್ಕೆ ಅದು ಬೇಕಾ ಅನ್ನೋದು ನೀವೇ ಯೋಚನೆ ಮಾಡಬೇಕಾದ್ದು.

ನಿಟ್ಟುವಳ್ಳಿ_ಡಿಸೈನ್

ಉತ್ತರ ಬಂತು! ತಂದೆ ಏನೂ ಬರೆದಿಲ್ಲ. ಮಗ ಹೀಗೆ ಬರೆದಿದ್ದಾರೆ: "ಪೋಸ್ಟಿಂದು 16 ಕೊಡ್ತೀನಿ. ಕ್ಯಾಟಲಾಗ್ 30 ಜಾಸ್ತಿ ಆಯ್ತು, ಅಷ್ಟು ಪೇಜ್ ಬೇಕಿರಲಿಲ್ಲ. ಅದಕ್ಕೆ 10 ತಗೊಂಡು ಮುಗಿಸಿ. ಓಕೆ ಅಂದ್ರೆ ಈಗಲೇ 26 ಹಾಕ್ತೀನಿ." ಏನಂತ ಹೇಳಲಿ? ನಿಜ ಹೇಳಬೇಕಂದ್ರೆ 26 ಈಗಲೇ ಬರೋದಾದ್ರೆ ಬಹಳ ಅನುಕೂಲ ನನಗೆ.

ಕೋಟೆ_ವಕೀಲ

ಮೊದಲು ಇದರ ಸ್ಕ್ರೀನ್‌ಶಾಟ್, ಮತ್ತೆ Export. ಈ ಸಂದೇಶದಲ್ಲಿ ಅವರು ಏನು ಒಪ್ಪಿದ್ದಾರೆ ನೋಡಿ. ತಿಂಗಳ 16 ಸಾವಿರ ಪೂರ್ತಿ ಒಪ್ಪಿದ್ದಾರೆ. ಕ್ಯಾಟಲಾಗ್ 15ಕ್ಕೇ ಮುಗಿದಿತ್ತು ಅನ್ನೋ ವಾದವನ್ನು ತಾವೇ ಕೈಬಿಟ್ಟಿದ್ದಾರೆ, ಈಗ ಜಾಸ್ತಿ ಆಯ್ತು ಅಂತಿದ್ದಾರೆ. ಪೇಜ್ ಬೇಕಿರಲಿಲ್ಲ ಅನ್ನೋದಕ್ಕೆ ಜೂನ್ 24ರದ್ದೂ ಜುಲೈ 18ರದ್ದೂ ಅವರ ಮಾತೇ ಉತ್ತರ.

ಆದ್ರೆ ಎಚ್ಚರ. "ಓಕೆ" ಅಂತ ಒಂದು ಪದ ಬರೆದು 26 ತಗೊಂಡ್ರೆ ಉಳಿದ 20 ಸಾವಿರ ಹೋದ ಹಾಗೇ. ಕಡಿಮೆ ಮೊತ್ತ ತಗೊಂಡು ತೀರಿಸಿಕೊಳ್ಳೋಕೆ ಒಪ್ಪಿದ್ರೆ ಕರಾರು ಕಾಯ್ದೆಯ 63ನೇ ಕಲಮಿನಲ್ಲಿ ಅದು ಪೂರ್ತಿ ತೀರಿದಂತೆ. ಆಮೇಲೆ ಯಾವ ಚಾಟೂ ಸಹಾಯ ಮಾಡಲ್ಲ. 16 ಸಾವಿರಕ್ಕೆ ತಕರಾರಿಲ್ಲ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಅವರ ಸಂದೇಶವನ್ನೇ ಎತ್ತಿಕೊಂಡು ಹೀಗೆ ಬರೀರಿ: "ಪೋಸ್ಟ್‌ಗಳ 16,000 ಒಪ್ಪಿದ್ದಕ್ಕೆ ಧನ್ಯವಾದ, ಅದನ್ನು ಹಾಕಿ. ಕ್ಯಾಟಲಾಗ್ 50 ಪೇಜ್ ಜುಲೈ 18ಕ್ಕೆ ನೀವೇ ಫೈನಲ್ ಮಾಡಿದ್ದು, ಅದರ ಬಾಕಿ 30,000. ಈಗ ಎಷ್ಟು ಹಾಕಿದ್ರೂ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತೇನೆ, ಉಳಿದದ್ದು ಬಾಕಿ ಇರುತ್ತದೆ."

ಮಂಡಿಪೇಟೆ_ವ್ಯಾಪಾರಿ

ವಕೀಲರು ಹೇಳೋದು ಕಾನೂನು. ನಾನಾಗಿದ್ರೆ ಕ್ಯಾಟಲಾಗಿಗೆ 22-23ಕ್ಕೆ ಮಾತು ಮುಗಿಸ್ತಿದ್ದೆ. ಇದೇ ಊರು, ನಾಳೆ ದೀಪಾವಳಿಗೆ ಮತ್ತೆ ಕೆಲಸ ಕೊಡೋರು ಇವರೇ ಅಥವಾ ಇವರ ನೆಂಟರೇ. ಕೋರ್ಟಿಗೆ ಅಲೆದು ಬರೋ ಪೂರ್ತಿ 30ಕ್ಕಿಂತ ಈ ವಾರ ಬರೋ 22 ವಾಸಿ.

ಚಳ್ಳಕೆರೆ_ವಿಡಿಯೋ

ಇಲ್ಲ ಅಣ್ಣ, ಹೀಗೆ ಬಿಟ್ಟು ಬಿಟ್ಟೇ ನಮ್ಮಂಥವರ ಬಾಕಿ ಯಾರೂ ಕೊಡಲ್ಲ. 50 ಪೇಜ್ ಮಾಡಿದ್ದಾರೆ, 50 ಪೇಜಿನ ದುಡ್ಡು ಬರಬೇಕು.

ಲೆಕ್ಕದ_ಮೇಷ್ಟ್ರು

ಯಾವುದೇ ಮೊತ್ತಕ್ಕೆ ಒಪ್ಪಿದ್ರೂ ತಂದೆ ಇರೋ ಚಾಟ್‌ನಲ್ಲಿ ಒಪ್ಪು ತಂಗೀ. ಯುಪಿಐ ಟಿಪ್ಪಣಿಯಲ್ಲಿ full and final ಅಂತ ಹಾಕಿ ಕಳಿಸೋರು ಇದ್ದಾರೆ. ಒಪ್ಪದೇ ಇದ್ದಾಗ ಹಾಗೆ ಬಂದ್ರೆ ಸುಮ್ನೆ ಇರಬೇಡ, ಅವತ್ತೇ "ಇದು ಭಾಗಶಃ ಮಾತ್ರ, ಇಷ್ಟು ಬಾಕಿ ಇದೆ" ಅಂತ ಬರೆದು ಹಾಕು.

ನಿಟ್ಟುವಳ್ಳಿ_ಡಿಸೈನ್

ವಕೀಲರು ಬರೆದುಕೊಟ್ಟಿದ್ದನ್ನು ಹಾಗೇ ಕಳಿಸಿದೆ, ಮಗನಿಗೂ ತಂದೆಗೂ. ಸಾಯಂಕಾಲ 16,000 ಬಂತು, ಅಂಗಡಿ ಖಾತೆಯಿಂದಲೇ, ಟಿಪ್ಪಣಿ june july post. ಕ್ಯಾಟಲಾಗಿನದ್ದಕ್ಕೆ ಇನ್ನೂ ಉತ್ತರ ಇಲ್ಲ. ಕೆಳಗಿಳಿಯಬೇಕಾ ಅಂತ ಮನೆಯಲ್ಲಿ ಮಾತಾಡ್ತಿದ್ದೀವಿ, ಅಮ್ಮ ವ್ಯಾಪಾರಿ ಸರ್ ಹೇಳಿದ ಹಾಗೇ ಹೇಳ್ತಾರೆ, ನನಗೆ ಇನ್ನೂ ಮನಸ್ಸಿಲ್ಲ. ಸೋಮವಾರ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತಗೊಂಡು, ಹಾಗೇ ಕೋರ್ಟ್ ಆವರಣಕ್ಕೆ ಹೋಗಿ ಪ್ರಾಧಿಕಾರದಲ್ಲಿ ಅರ್ಜಿ ಬಗ್ಗೆ ಕೇಳ್ಕೊಂಡು ಬರ್ತೀನಿ. ಅಲ್ಲಿಗೆ ಏನೇನು ಜೆರಾಕ್ಸ್ ತಗೊಂಡು ಹೋಗಬೇಕು ಸರ್?

ಕೋಟೆ_ವಕೀಲ

ಆಧಾರ್, ಬಿಲ್, ಸ್ಟೇಟ್‌ಮೆಂಟ್, ಚಾಟ್ ಪ್ರಿಂಟ್, ಜಿಎಸ್‌ಟಿ ಪುಟದ ಪ್ರಿಂಟ್ ಎರಡೆರಡು ಸೆಟ್. ಮುದ್ರಣವಾದ ಕ್ಯಾಟಲಾಗಿನ ಒಂದು ಪ್ರತಿ ಸಿಕ್ಕಿದ್ರೆ ಅದನ್ನೂ ತಗೊಂಡು ಹೋಗಿ, ಪೇಜ್ ಎಣಿಸೋಕೆ ಅದೇ ಬೇಕು.